ಅಲ್ಲಾ, ನಿಜವಾಗ್ಲೂ ಯಾವೂರು?

ಶಿವಮೊಗ್ಗದಲ್ಲಿ ತೀರ್ಥಹಳ್ಳಿ ಬಸ್ ಹತ್ತಿ ಕೂತಿದ್ದೆವು, ನಾನು ಮತ್ತು ನನ್ನ ಅಕ್ಕನ ಮಗಳು. ಅವಳಿಗೆ 19 ವರ್ಷ. ಹುಟ್ಟಿದ್ದು, ಬೆಳೆದದ್ದು, ಓದಿದ್ದು ಎಲ್ಲಾ ಇಂಗ್ಲೆಂಡಿನ ರೆಡಿಂಗ್ ಎಂಬ ಊರಿನಲ್ಲಿ. ಎರಡು ವರ್ಷಕ್ಕೊಮ್ಮೆ ರಜೆಗೆ ಬರುತ್ತಾಳೆ. ಕನ್ನಡ ಚೆನ್ನಾಗಿಯೇ ಮಾತಾಡುತ್ತಾಳೆ, ರಾಗ ಮಾತ್ರ ಸ್ವಲ್ಪ ಬೇರೆ. ಗಾಜನೂರು ದಾಟುವಷ್ಟರಲ್ಲಿ ಪಕ್ಕದ ಸೀಟಿನ ಅಜ್ಜಿಗೆ ಆ ರಾಗ ಕಿವಿಗೆ ಬಿತ್ತು.

"ಯಾವೂರಾಯ್ತು ಮಗಾ?"

"ರೆಡಿಂಗ್."

"ಅದೆಲ್ಲಿ ಬರ್ತದೆ?"

"ಇಂಗ್ಲೆಂಡು ಅಜ್ಜಿ. ಲಂಡನ್ ಹತ್ರ."

"ಅಷ್ಟು ದೂರನಾ! ಮತ್ತೆ ಇಲ್ಲಿ ಯಾರ ಮನೆಗೆ ಹೊರಟಿದ್ದು?"

"ಅಜ್ಜಿ ಮನೆಗೆ. ಆರಗ."

"ಆರಗನಾ? ನನ್ನ ತಂಗೀನ ಕೊಟ್ಟಿದ್ದು ಅಲ್ಲಿಗೇ. ನಮ್ಮದು ಮಂಡಗದ್ದೆ."

ಅಷ್ಟೇ. ಚೀಲದಿಂದ ಎರಡು ಕಿತ್ತಳೆ ತೆಗೆದು ಅವಳ ಕೈಗಿಟ್ಟು, ಮಂಡಗದ್ದೆಯಲ್ಲಿ ಅಜ್ಜಿ ಇಳಿದು ಹೋದರು. ಹುಡುಗಿಗೆ ಖುಷಿಯೋ ಖುಷಿ. ನಾನು ಸುಮ್ನೆ ಕೆಣಕಿದೆ. "ಇದೇ ಪ್ರಶ್ನೆ ಅಲ್ಲಿ ಕೇಳಿದ್ರೆ ಮನೆಗೆ ಬಂದು ಅಳ್ತೀಯ ಅಂತ ನಿಮ್ಮಮ್ಮ ಹೇಳ್ತಿದ್ಳಲ್ಲ?"

ಕಿತ್ತಳೆ ಸುಲಿಯುತ್ತಾ ಅಂದಳು: "ಇದೇ ಪ್ರಶ್ನೆ ಅಲ್ಲ ಮಾವ. ಅಲ್ಲಿ ಎರಡನೇದು ಕೇಳ್ತಾರೆ."

ಆ ಎರಡನೇ ಪ್ರಶ್ನೆ ಏನು ಅಂತ ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಮಲೆನಾಡಿನಲ್ಲಿ ಬೆಳೆದವರಿಗೆ "ಯಾವೂರಾಯ್ತು" ಅನ್ನುವುದು ನೀರು ಬೆಲ್ಲ ಕೊಟ್ಟ ಹಾಗೆ. ಕೇಳದಿದ್ದರೇ ಬೇಜಾರು. ಅದರಲ್ಲಿ ನೋಯುವಂಥದ್ದು ಏನಿದೆ ಅಂತ ನನಗೂ ಅನಿಸುತ್ತಿತ್ತು.

ಎರಡನೇ ಪ್ರಶ್ನೆ ಹೇಗಿರುತ್ತದೆ ಅನ್ನುವುದಕ್ಕೆ ಎಲ್ಲರಿಗೂ ಗೊತ್ತಿರುವ ಒಂದು ನಿದರ್ಶನ ಇದೆ. 2022ರ ನವೆಂಬರ್ 29ರಂದು ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಒಂದು ಕಾರ್ಯಕ್ರಮ ನಡೆಯಿತು. ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ವಿರುದ್ಧ ಕೆಲಸ ಮಾಡುವವರನ್ನೆಲ್ಲ ರಾಣಿ ಕ್ಯಾಮಿಲಾ ಕರೆದಿದ್ದರು. ಕರೆಸಿಕೊಂಡವರಲ್ಲಿ ನಗೋಜಿ ಫುಲಾನಿ ಒಬ್ಬರು. ಕಪ್ಪು ಜನಾಂಗದ ಬ್ರಿಟಿಷ್ ಮಹಿಳೆ. ಮನೆಯಲ್ಲಿ ಹಿಂಸೆಗೆ ಒಳಗಾದ ಆಫ್ರಿಕನ್, ಕೆರಿಬಿಯನ್ ಮೂಲದ ಹೆಂಗಸರಿಗಾಗಿ ಲಂಡನ್ನಿನ ಹ್ಯಾಕ್ನಿಯಲ್ಲಿ 'ಸಿಸ್ಟಾ ಸ್ಪೇಸ್' ಎಂಬ ಸಂಸ್ಥೆ ನಡೆಸುತ್ತಿದ್ದವರು. ಅಲ್ಲಿ ಅವರನ್ನು ಮಾತಾಡಿಸಿದ್ದು ಲೇಡಿ ಸೂಸನ್ ಹಸ್ಸಿ. ವಯಸ್ಸು 83. ರಾಣಿ ಎಲಿಜಬೆತ್‌ಗೆ 60 ವರ್ಷಕ್ಕೂ ಹೆಚ್ಚು ಕಾಲ ಸಖಿಯಾಗಿದ್ದವರು, ರಾಜಕುಮಾರ ವಿಲಿಯಂಗೆ ಧರ್ಮಮಾತೆ.

ಫುಲಾನಿ ಮರುದಿನ ಬರೆದುಕೊಂಡ ಪ್ರಕಾರ, ಹಸ್ಸಿ ಮೊದಲು ಅವರ ಕೂದಲನ್ನು ಕೈಯಿಂದ ಸರಿಸಿ ಎದೆಯ ಮೇಲಿದ್ದ ಹೆಸರಿನ ಬ್ಯಾಡ್ಜ್ ನೋಡಿದರು. ಆಮೇಲೆ ಎಲ್ಲಿಂದ ಬಂದಿರಿ ಅಂತ ಕೇಳಿದರು. ಸಿಸ್ಟಾ ಸ್ಪೇಸ್‌ನಿಂದ ಅಂತ ಇವರು ಹೇಳಿದರು. ಅಲ್ಲ, ನೀವು ಎಲ್ಲಿಯವರು? ನಮ್ಮ ಸಂಸ್ಥೆ ಇರುವುದು ಹ್ಯಾಕ್ನಿಯಲ್ಲಿ. ಅಲ್ಲ, ಆಫ್ರಿಕಾದ ಯಾವ ಭಾಗದವರು? ಗೊತ್ತಿಲ್ಲ, ದಾಖಲೆ ಯಾರೂ ಉಳಿಸಿಲ್ಲ. ಎಲ್ಲಿಯವರು ಅಂತ ನಿಮಗೆ ಗೊತ್ತಿರಲೇಬೇಕಲ್ಲ? ಇಲ್ಲಿಯವಳೇ, ಬ್ರಿಟನ್. ಅಲ್ಲ, ನಿಮ್ಮ ರಾಷ್ಟ್ರೀಯತೆ ಯಾವುದು? ನಾನು ಇಲ್ಲೇ ಹುಟ್ಟಿದವಳು, ಬ್ರಿಟಿಷ್. ಅಲ್ಲ, ನೀವು ನಿಜವಾಗಿ ಎಲ್ಲಿಯವರು, ನಿಮ್ಮ ಜನ ಎಲ್ಲಿಯವರು?

ಕೊನೆಗೆ, ನನ್ನ ಅಪ್ಪ ಅಮ್ಮ 50ರ ದಶಕದಲ್ಲಿ ಇಲ್ಲಿಗೆ ಬಂದವರು ಅಂತ ಫುಲಾನಿ ಬಾಯಿ ಬಿಟ್ಟರು. ಆಗ ಹಸ್ಸಿಗೆ ಸಮಾಧಾನ. ಅಂತೂ ಕೊನೆಗೆ ಉತ್ತರ ಸಿಕ್ಕಿತು, ನೀವು ಕೆರಿಬಿಯನ್ ಅಂದರಂತೆ.

ಈ ಮಾತುಕತೆಯನ್ನು ಬಸ್ಸಿನ ಮಾತುಕತೆಯ ಪಕ್ಕಕ್ಕೆ ಇಟ್ಟು ನೋಡಿ. ನಮ್ಮ ಅಜ್ಜಿಯೂ ಮೂರು ಪ್ರಶ್ನೆ ಕೇಳಿದರು. ಆದರೆ ಪ್ರತಿ ಪ್ರಶ್ನೆಯೂ ಹಿಂದಿನ ಉತ್ತರದ ಮೇಲೇ ಕೂತಿತ್ತು. ರೆಡಿಂಗ್ ಅಂದ ಕೂಡಲೇ ರೆಡಿಂಗ್ ಎಲ್ಲಿದೆ ಅಂತ ಕೇಳಿದರು. ಅಂದರೆ ರೆಡಿಂಗ್ ಅನ್ನುವ ಉತ್ತರವನ್ನು ಒಪ್ಪಿಕೊಂಡರು. ಅರಮನೆಯಲ್ಲಿ ಹಾಗಾಗಲಿಲ್ಲ. ಹೆಚ್ಚಿನ ಪ್ರಶ್ನೆಗಳು "ಅಲ್ಲ" ಅಂತಲೇ ಶುರುವಾದವು. ಕೇಳುವವರ ತಲೆಯಲ್ಲಿ ಉತ್ತರ ಆಗಲೇ ಸಿದ್ಧವಾಗಿತ್ತು. ಎದುರಿಗಿದ್ದವರು ಆ ಉತ್ತರಕ್ಕೆ ಬಂದು ತಲುಪುವವರೆಗೂ ಬಿಡಲಿಲ್ಲ. ಸಂತೆಯಲ್ಲಿ ಚೌಕಾಸಿ ಮಾಡಿದ ಹಾಗೆ. ಚೌಕಾಸಿಗೆ ಇಟ್ಟಿದ್ದು ಮಾತ್ರ ಒಬ್ಬ ಮನುಷ್ಯಳ ಹುಟ್ಟಿದೂರು.

ಅಕ್ಕನ ಮಗಳು ಹೇಳುತ್ತಿದ್ದ ಎರಡನೇ ಪ್ರಶ್ನೆ ಇದೇ. "ನಿಜವಾಗ್ಲೂ" ಅನ್ನುವ ಒಂದು ಮಾತು ಸೇರಿದ ತಕ್ಷಣ ಮೊದಲು ಹೇಳಿದ್ದು ಸುಳ್ಳಾಗಿಬಿಡುತ್ತದೆ. ಹುಟ್ಟಿದ ಆಸ್ಪತ್ರೆ, ಓದಿದ ಶಾಲೆ, ಮೊದಲ ಸಲ ಸೈಕಲ್ಲಿನಿಂದ ಬಿದ್ದ ರಸ್ತೆ, ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಅವಳ ಪಕ್ಕ ಕೂರುವ ಗೆಳತಿಯ ಅಜ್ಜ ಪೋಲೆಂಡಿನಿಂದ ಬಂದವರಂತೆ. ಆ ಗೆಳತಿ ರೆಡಿಂಗ್ ಅಂದರೆ ಅಲ್ಲಿಗೆ ಮಾತು ಮುಗಿಯುತ್ತದೆ. ಇವಳು ರೆಡಿಂಗ್ ಅಂದರೆ ಮುಗಿಯುವುದಿಲ್ಲ. ಹಾಗಾದರೆ ಪ್ರಶ್ನೆ ಹುಟ್ಟುವುದು ಎಲ್ಲಿಂದ? ಊರಿನ ಬಗೆಗಿನ ಕುತೂಹಲದಿಂದ ಅಲ್ಲ, ಚರ್ಮದ ಬಣ್ಣದಿಂದ. ಅದು ಚಿಕ್ಕ ಮಕ್ಕಳಿಗೂ ಬೇಗ ತಿಳಿಯುತ್ತದೆ.

ಅರಮನೆಯ ಪ್ರಕರಣದಲ್ಲಿ ಹಸ್ಸಿಯ ಪರ ಮಾತಾಡಿದವರೂ ಬೇಕಾದಷ್ಟು ಜನ ಇದ್ದರು. ಆಕೆ ಹಾಕಿಕೊಂಡಿದ್ದು ಆಫ್ರಿಕನ್ ಉಡುಪು, ಹೆಸರೂ ಆಫ್ರಿಕನ್, ಕೇಳಿದ್ದರಲ್ಲಿ ತಪ್ಪೇನು ಅಂದರು. ಆ ವಾದವನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮೊದಲ ಸಲ ಕೇಳಿದ್ದು ಸಹಜವೇ. ಆದರೆ "ಇಲ್ಲೇ ಹುಟ್ಟಿದವಳು" ಅಂತ ಬಾಯಿಬಿಟ್ಟು ಹೇಳಿದ ಮೇಲೂ ಕೇಳುತ್ತಲೇ ಹೋಗುವುದನ್ನು ಕುತೂಹಲ ಅನ್ನಲು ಆಗುವುದಿಲ್ಲ. ಹಸ್ಸಿ ಮರುದಿನವೇ ತಮ್ಮ ಗೌರವ ಹುದ್ದೆ ಬಿಟ್ಟರು. ಡಿಸೆಂಬರ್‌ನಲ್ಲಿ ಅದೇ ಅರಮನೆಯಲ್ಲಿ ಫುಲಾನಿಯನ್ನು ಭೇಟಿಯಾಗಿ ಕ್ಷಮೆ ಕೇಳಿದರು. ಅವರು ಕೇಳಿದರು, ಇವರು ಒಪ್ಪಿಕೊಂಡರು. ವಿಚಿತ್ರ ಏನೆಂದರೆ, ಆಮೇಲೂ ಜಾಲತಾಣಗಳಲ್ಲಿ ಬೈಗುಳ ನಿಲ್ಲಲಿಲ್ಲ. 2023ರ ಮಾರ್ಚ್‌ನಲ್ಲಿ ಫುಲಾನಿ ತಾವು ಕಟ್ಟಿದ ಸಂಸ್ಥೆಯ ಮುಖ್ಯಸ್ಥೆಯ ಸ್ಥಾನದಿಂದಲೇ ಇಳಿದರು. ನೋವಾಯಿತು ಅಂತ ಹೇಳಿದ್ದಕ್ಕೆ ತೆತ್ತ ಬೆಲೆ ಅದು. ಬಹಳ ಜನ ಹೇಳದೆ ನುಂಗಿಕೊಳ್ಳುವುದು ಇದಕ್ಕೇ.

ಇನ್ನು "ಅಪ್ಪ ಅಮ್ಮ 50ರ ದಶಕದಲ್ಲಿ ಬಂದವರು" ಅನ್ನುವ ಮಾತು. ಅದರ ಹಿಂದೆ ದೊಡ್ಡ ಕಥೆಯೇ ಇದೆ, ಅದು ಗೊತ್ತಿಲ್ಲದಿದ್ದರೆ ಈ ನೋವಿನ ಅರ್ಧ ಭಾಗ ಕಾಣುವುದಿಲ್ಲ.

ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟನ್ನಿಗೆ ದುಡಿಯುವ ಕೈ ಬೇಕಿತ್ತು. 1948ರ ಜೂನ್‌ನಲ್ಲಿ 'ಎಂಪೈರ್ ವಿಂಡ್‌ರಶ್' ಎಂಬ ಹಡಗು ಕೆರಿಬಿಯನ್ ದ್ವೀಪಗಳಿಂದ ನೂರಾರು ಜನರನ್ನು ಹೊತ್ತು ತಂದಿತು. ಆಮೇಲೆ ಇನ್ನೂ ಅನೇಕ ವರ್ಷ ಜನ ಬರುತ್ತಲೇ ಇದ್ದರು. ಆಸ್ಪತ್ರೆ, ರೈಲು, ಬಸ್ಸು, ಎಲ್ಲ ಕಡೆ ದುಡಿದರು. ಇವರು ಪರದೇಶಕ್ಕೆ ಹೋದವರಲ್ಲ. ಅವರ ದ್ವೀಪಗಳು ಆಗ ಬ್ರಿಟನ್ನಿನ ವಸಾಹತುಗಳು, ಹಾಗಾಗಿ ಬಂದಿಳಿಯುವಾಗಲೇ ಬ್ರಿಟಿಷ್ ಪ್ರಜೆಗಳು. 1973ಕ್ಕೆ ಮೊದಲು ಬಂದು ನೆಲೆಸಿದವರಿಗೆ ಅಲ್ಲಿರುವ ಹಕ್ಕು ಕಾನೂನಿನಲ್ಲೇ ಇತ್ತು. ಬಹಳ ಜನರ ಹತ್ತಿರ ಪ್ರತ್ಯೇಕ ಕಾಗದ ಮಾತ್ರ ಇರಲಿಲ್ಲ. ಯಾರೂ ಕೇಳಿರಲಿಲ್ಲ, ಕೊಟ್ಟಿರಲೂ ಇಲ್ಲ.

2012ರ ನಂತರ ಅಲ್ಲಿನ ಸರ್ಕಾರ, ಅಕ್ರಮವಾಗಿ ಇರುವವರಿಗೆ ಬದುಕೇ ಕಷ್ಟವಾಗುವಂತೆ ಮಾಡುತ್ತೇವೆ ಅಂತ ಹೊಸ ನೀತಿ ತಂದಿತು. ಕೆಲಸಕ್ಕೆ, ಬಾಡಿಗೆ ಮನೆಗೆ, ಬ್ಯಾಂಕಿಗೆ, ಆಸ್ಪತ್ರೆಗೆ ಎಲ್ಲದಕ್ಕೂ ಕಾಗದ ತೋರಿಸಬೇಕಾಯಿತು. 40, 50 ವರ್ಷ ಅಲ್ಲೇ ದುಡಿದು ತೆರಿಗೆ ಕಟ್ಟಿದವರು ಕೆಲಸ ಕಳೆದುಕೊಂಡರು. ಕೆಲವರಿಗೆ ಚಿಕಿತ್ಸೆ ಸಿಗಲಿಲ್ಲ. ಅವರು ಹಡಗಿಳಿದ ದಿನಗಳ ಚೀಟಿಗಳಿದ್ದವಲ್ಲ, ಅವನ್ನು ಗೃಹ ಇಲಾಖೆಯೇ 2010ರಲ್ಲಿ ನಾಶ ಮಾಡಿತ್ತು. 2018ರಲ್ಲಿ ವಿಷಯ ಹೊರಬಿದ್ದು ಸರ್ಕಾರ ಕ್ಷಮೆ ಕೇಳಿತು. ಕನಿಷ್ಠ 83 ಜನರನ್ನು ತಪ್ಪಾಗಿ ದೇಶದಿಂದ ಹೊರಗೆ ಕಳಿಸಲಾಗಿತ್ತು.

ಈಗ ಅರಮನೆಯ ಪ್ರಶ್ನೆಯನ್ನು ಮತ್ತೆ ಕೇಳಿಸಿಕೊಳ್ಳಿ. ನೀವು ನಿಜವಾಗಿ ಎಲ್ಲಿಯವರು? ಕೇಳುವವರಿಗೆ ಅದು ಚಹಾದ ಜೊತೆಗಿನ ಹರಟೆ. ಕೇಳಿಸಿಕೊಳ್ಳುವವರಿಗೆ ಅದು ಕೌಂಟರಿನ ಹಿಂದೆ ಕೂತ ಅಧಿಕಾರಿಯ ದನಿ. ಅವರ ಮನೆಯಲ್ಲೋ ಪಕ್ಕದ ಮನೆಯಲ್ಲೋ ಯಾರೋ ಒಬ್ಬರು ಇದೇ ಪ್ರಶ್ನೆಗೆ ಸರಿಯಾದ ಕಾಗದ ತೋರಿಸಲಾಗದೆ ಕಷ್ಟಕ್ಕೆ ಬಿದ್ದಿರುತ್ತಾರೆ. ಇಬ್ಬರು ಕೇಳುವುದೂ ಒಂದೇ ಶಬ್ದ, ಆದರೆ ಒಬ್ಬರಿಗೆ ಮಾತ್ರ ಅದರ ಬಿಲ್ ಬರುತ್ತದೆ.

"ಇಷ್ಟು ಸೂಕ್ಷ್ಮ ಆದ್ರೆ ಬದುಕೋದು ಹೇಗೆ?" ಅನ್ನುತ್ತಾನೆ ನಮ್ಮ ಭಾವ, ಹುಡುಗಿಯ ಅಪ್ಪ. "ಕೇಳಿದ್ರೆ ಇಂಡಿಯಾ ಅಂತ ಹೇಳು, ಮುಗೀತು." ಅವನ ಮಟ್ಟಿಗೆ ಅದು ನಿಜವೇ. ಅವನು 27 ವರ್ಷ ತೀರ್ಥಹಳ್ಳಿ ಸೀಮೆಯಲ್ಲಿ ಬದುಕಿ ಆಮೇಲೆ ಹೋದವನು. ಎಲ್ಲಿಯವರು ಅಂದರೆ ಎದೆ ತಟ್ಟಿ ಹೇಳಲು ಅವನಿಗೊಂದು ಊರಿದೆ. ತುಂಗೆಯ ನೀರು, ಅಡಿಕೆ ಚಪ್ಪರ, ಎಳ್ಳಮಾವಾಸ್ಯೆ ಜಾತ್ರೆ ಎಲ್ಲಾ ಕಥೆ ಹೇಳುತ್ತಾನೆ, ಯಾರಾದರೂ ಕೇಳಲಿ ಅಂತಲೇ ಕಾಯುತ್ತಾನೆ. ಬಂದು ಸೇರಿದ ಮೊದಲ ತಲೆಮಾರಿಗೆ ಈ ಪ್ರಶ್ನೆ ಅಷ್ಟಾಗಿ ಚುಚ್ಚದಿರುವುದಕ್ಕೆ ಇದೂ ಒಂದು ಕಾರಣ. ಚುಚ್ಚುವುದು ಅಲ್ಲೇ ಹುಟ್ಟಿದವರಿಗೆ. ಮಗಳಿಗೆ ಆರಗ ಅಂದರೆ ರಜೆಯಲ್ಲಿ ಹೋಗುವ ಅಜ್ಜಿ ಮನೆ. ಅಲ್ಲಿಯವಳು ಅಂದರೆ ಆರಗದವರೇ ನಗುತ್ತಾರೆ. ರೆಡಿಂಗಿನವಳು ಅಂದರೆ ರೆಡಿಂಗಿನವರು ಒಪ್ಪುವುದಿಲ್ಲ. ಉಳಿದ ಒಂದೇ ಊರನ್ನೂ ಕೈಯಿಂದ ಕಿತ್ತುಕೊಂಡ ಹಾಗಾಗುತ್ತದೆ.

ಇಲ್ಲಿ ಭಾಷೆಯದ್ದೂ ಒಂದು ತೊಡಕಿದೆ. ಕನ್ನಡದಲ್ಲಿ "ನಮ್ಮೂರು" ಅಂದರೆ ನಾವು ಒಂದು ದಿನವೂ ಇರದ ಊರಾಗಬಹುದು. ಅಜ್ಜನ ಊರು, ಮನೆದೇವರ ಊರು. ಹಾಗಾಗಿ ಎಲ್ಲಿಯವರು ಅಂದರೆ ಹಿರಿಯರ ಊರು ಹೇಳುವುದು ನಮಗೆ ಅಭ್ಯಾಸ. ಇಂಗ್ಲಿಷಿನಲ್ಲಿ ಅದೇ ಪ್ರಶ್ನೆಗೆ ಇರುವ ಊರು, ಬೆಳೆದ ಊರು ಹೇಳುತ್ತಾರೆ. ಭಾವ ಕನ್ನಡದ ಕಿವಿಯಲ್ಲಿ ಕೇಳಿಸಿಕೊಳ್ಳುತ್ತಾನೆ, ಮಗಳು ಇಂಗ್ಲಿಷಿನ ಕಿವಿಯಲ್ಲಿ. ಮನೆಯೊಳಗಿನ ಅರ್ಧ ಜಗಳ ಇದೇ ಅಂತ ನನ್ನ ಅನುಮಾನ.

ಈ ನೋವು ಬರೀ ಮಾತಿನದ್ದಲ್ಲ, ನಡವಳಿಕೆಯಲ್ಲೂ ಕಾಣುತ್ತದೆ ಅನ್ನುವುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞರು ಪರೀಕ್ಷೆ ಮಾಡಿ ನೋಡಿದ್ದಾರೆ. ಸಪ್ನಾ ಚೆರಿಯನ್ ಮತ್ತು ಬೆನ್ವಾ ಮೋನಿನ್ 2005ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಇದೇ ಪ್ರಶ್ನೆಯನ್ನೇ ಶೀರ್ಷಿಕೆಯಾಗಿ ಇಟ್ಟರು. ನೀನು ಯಾವ ಗುಂಪಿನವನು ಅಂತ ಅಂದುಕೊಂಡಿದ್ದೀಯೋ ಆ ಗುಂಪೇ ನಿನ್ನನ್ನು ಒಪ್ಪದಿರುವುದನ್ನು ಅವರು 'ಗುರುತಿನ ನಿರಾಕರಣೆ' ಎಂದು ಕರೆದರು.

2011ರಲ್ಲಿ ಇದೇ ಇಬ್ಬರು ಮಾಯಾ ಗೆಂಡಲ್‌ಮನ್ ಎಂಬ ಸಂಶೋಧಕಿಯ ಜೊತೆ ಸೇರಿ ಮಾಡಿದ ಪರೀಕ್ಷೆ ಇನ್ನೂ ಮಜವಾಗಿದೆ. ಏಷ್ಯಾ ಮೂಲದ ಅಮೆರಿಕನ್ ವಿದ್ಯಾರ್ಥಿಗಳಿಗೆ ನಿಮ್ಮ ಇಷ್ಟದ ತಿಂಡಿ ಯಾವುದು ಅಂತ ಕೇಳಿದರು. ಕೆಲವರಿಗೆ ಮಾತ್ರ ಅದಕ್ಕೂ ಮೊದಲು "ನಿಮಗೆ ಇಂಗ್ಲಿಷ್ ಬರುತ್ತಾ?" ಅಂತ ಒಂದು ಮಾತು ಸೇರಿಸಿದರು. ಆ ಮಾತು ಕೇಳಿಸಿಕೊಂಡವರು ಬರ್ಗರ್, ಪಿಜ್ಜಾದಂಥ ಅಮೆರಿಕನ್ ತಿಂಡಿಯ ಹೆಸರು ಹೇಳಿದ್ದು ಉಳಿದವರ ಸುಮಾರು ಮೂರು ಪಟ್ಟು. ಬಿಳಿಯ ವಿದ್ಯಾರ್ಥಿಗಳಿಗೆ ಅದೇ ಮಾತು ಕೇಳಿದಾಗ ಅಂಥ ಬದಲಾವಣೆ ಕಾಣಲಿಲ್ಲ. ಇನ್ನೊಂದು ಸುತ್ತಿನಲ್ಲಿ ಊಟವನ್ನೇ ತರಿಸಿಕೊಟ್ಟರು. "ಈ ಪರೀಕ್ಷೆಗೆ ಅಮೆರಿಕನ್ನರೇ ಆಗಿರಬೇಕು" ಅಂತ ಹೇಳಿಸಿಕೊಂಡವರು ಅಮೆರಿಕನ್ ತಿಂಡಿಯನ್ನೇ ಜಾಸ್ತಿ ಆರಿಸಿದರು. ತಟ್ಟೆಯಲ್ಲಿ ಸರಾಸರಿ 182 ಕ್ಯಾಲೊರಿ ಹೆಚ್ಚಿತ್ತು. ಅಷ್ಟು ಚಿಕ್ಕ ಮಾತಿಗೆ ಮನುಷ್ಯ ತನ್ನ ನಾಲಿಗೆಯನ್ನೇ ಸಾಕ್ಷಿಗೆ ಕರೆಯುತ್ತಾನೆ.

ಇದನ್ನು ಹೇಳಿದಾಗ ಅಕ್ಕನ ಮಗಳು ನಕ್ಕಳು. ಅಂಗಡಿಯಲ್ಲಿ ಯಾರಾದರೂ ಅವಳಿಗೆ ಒಂದೊಂದೇ ಪದ ಬಿಡಿಸಿ ಬಿಡಿಸಿ ಇಂಗ್ಲಿಷ್ ಮಾತಾಡಿದರೆ, ಅವಳು ತನಗೆ ಗೊತ್ತಿಲ್ಲದೆಯೇ ರೆಡಿಂಗಿನ ರಾಗವನ್ನು ಇನ್ನಷ್ಟು ಎಳೆದು ಉತ್ತರ ಕೊಡುತ್ತಾಳಂತೆ. ಆಮೇಲೆ ದಿನವಿಡೀ ಅದೇ ತಲೆಯಲ್ಲಿ. ಒಂದು ಸಲ ಕೇಳಿದರೆ ಯಾರಿಗೂ ಏನೂ ಆಗುವುದಿಲ್ಲ. ಇಂಬಳ ಒಂದೇ ಕಚ್ಚಿದರೆ ಗೊತ್ತೂ ಆಗುವುದಿಲ್ಲವಲ್ಲ, ಹಾಗೆ. ಕೇಳುವವರು ಒಂದೇ ಸಲ ಕೇಳಿರುತ್ತಾರೆ. ಅವಳಿಗೆ ಅದು ಆ ತಿಂಗಳಲ್ಲಿ ಎಷ್ಟನೆಯದೋ.

ಇಷ್ಟು ಓದಿ, ಪಾಪ ಅಲ್ಲಿಯವರು ಹಾಗೆ, ನಾವು ಹಾಗಲ್ಲ ಅಂದುಕೊಳ್ಳುವುದು ಸುಲಭ. ನಾನೂ ಬಸ್ಸಿನ ಅಜ್ಜಿಯನ್ನು ತೋರಿಸಿ ಹಾಗೆಯೇ ಹೇಳಲು ಹೊರಟಿದ್ದೆ. ಆದರೆ ಮಲೆನಾಡಿನಲ್ಲೂ ಎರಡನೇ ಪ್ರಶ್ನೆ ಇದೆ. ಊರು ಹೇಳಿದ ಮೇಲೆ "ಊರಲ್ಲಿ ಯಾರ ಮನೆ?" ಮನೆ ಹೇಳಿದ ಮೇಲೆ "ಮನೆ ಹೆಸರೇನು?" ಅದೂ ತಿಳಿಯದಿದ್ದರೆ "ಮನೆದೇವರು ಯಾವುದು?" ಎಲ್ಲರಿಗೂ ಗೊತ್ತು, ಹುಡುಕುತ್ತಿರುವುದು ಜಾತಿ. ಜಾತಿ ಹೇಳಿದರೆ ನಷ್ಟ ಆಗದವನಿಗೆ ಅದು ಪರಿಚಯದ ಮಾತು. ಬಾಡಿಗೆ ಮನೆ ಕೈತಪ್ಪಿ ಹೋದವನಿಗೆ, ಚಹಾದ ಲೋಟ ಬದಲಾದದ್ದನ್ನು ನೋಡಿದವನಿಗೆ ಹಾಗಲ್ಲ. ಅಂಥವನಿಗೆ ಫುಲಾನಿಯ ಕಥೆಯನ್ನು ಯಾರೂ ವಿವರಿಸಿ ಹೇಳಬೇಕಿಲ್ಲ.

ಇನ್ನೊಂದು ನಮ್ಮ ಭದ್ರಾವತಿಯದ್ದು. ಅಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಗಿ ನೂರು ವರ್ಷ ದಾಟಿತು, ಆಮೇಲೆ ಕಾಗದದ ಕಾರ್ಖಾನೆ ಬಂತು. ಕೆಲಸಕ್ಕೆಂದು ತಮಿಳು ಸೀಮೆಯಿಂದ ಬಂದ ಕುಟುಂಬಗಳು ಬಹಳ. ನನ್ನ ಜೊತೆ ಕಾಲೇಜಿನಲ್ಲಿ ಓದಿದ ಒಬ್ಬ ಗೆಳೆಯ ಅಂಥ ಮನೆಯ ಮೂರನೇ ತಲೆಮಾರು. ಅವನ ಕನ್ನಡ ನನಗಿಂತ ಚೆನ್ನ. "ಭದ್ರಾವತಿ" ಅಂದರೆ ಸಾಕಾಗುವುದಿಲ್ಲ ಅವನಿಗೆ. ಅವನ ಹೆಸರು ಕೇಳಿದ ಕೂಡಲೇ "ಅಲ್ಲ ಸಾರ್, ಮೂಲ ಎಲ್ಲಿ?" ಅನ್ನುತ್ತಾರೆ. ಸಾಮಾನ್ಯ ದಿನಗಳಲ್ಲಿ ಅವನು ನಕ್ಕು "ಮೂರು ತಲೆಮಾರಿನ ಹಿಂದೆ ಆ ಕಡೆ" ಅನ್ನುತ್ತಾನೆ. 1991ರ ಡಿಸೆಂಬರ್‌ನಲ್ಲಿ ಕಾವೇರಿ ಗಲಾಟೆಗೆ ಬೆಂಗಳೂರಿನಲ್ಲಿ ತಮಿಳರ ಮೇಲೆ ಹಲ್ಲೆಗಳಾದಾಗ ಅವನಿನ್ನೂ ಹುಡುಗ. ರಸ್ತೆಯಲ್ಲಿ ಅಮ್ಮನನ್ನು "ಅಮ್ಮಾ" ಅಂತಲೂ ಜೋರಾಗಿ ಕರೆಯಬೇಡ ಅಂತ ಅವನ ಅಪ್ಪ ಹೇಳಿದ್ದರಂತೆ. ಎರಡೂ ಭಾಷೆಯಲ್ಲಿ ಒಂದೇ ಪದ ಅದು, ಆದರೂ ಅಪ್ಪನಿಗೆ ಭಯ, ರಾಗದಲ್ಲಿ ಗೊತ್ತಾಗಿಬಿಟ್ಟರೆ? ದೇಶದೊಳಗಿನ ಈ ಕಥೆ ದೇಶ ಬಿಟ್ಟು ಹೋದವರ ಕಥೆಯೇ ಅಂತ ನಾನು ಹೇಳುವುದಿಲ್ಲ. ಅವನನ್ನು ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ. ಆದರೂ "ಮೂಲ" ಅನ್ನುವ ಪದ ಕೇಳಿದಾಗ ಅವನ ಮುಖ ಒಂದು ಕ್ಷಣ ಗಟ್ಟಿಯಾಗುವುದನ್ನು ನಾನು ನೋಡಿದ್ದೇನೆ. ಋಷಿಮೂಲ ನದಿಮೂಲ ಕೇಳಬಾರದು ಅಂತ ಗಾದೆ ಮಾಡಿದ ನಾವೇ ಮನುಷ್ಯರ ಮೂಲವನ್ನು ಮಾತ್ರ ಬಿಡದೆ ಕೇಳುತ್ತೇವೆ.

ಹಾಗಾದರೆ ಕೇಳಲೇಬಾರದಾ ಅಂತ ಅವಳನ್ನು ಕೇಳಿದೆ. "ಕೇಳಬಹುದು ಮಾವ," ಅಂದಳು. "ಆ ಅಜ್ಜಿ ತನ್ನೂರೂ ಹೇಳಿದ್ರಲ್ಲ." ನಾನು ಅದನ್ನು ಗಮನಿಸಿಯೇ ಇರಲಿಲ್ಲ. ರೆಡಿಂಗಿನಲ್ಲಿ ಅವಳನ್ನು ಕೇಳಿದವರು ಯಾರೂ ತಮ್ಮ ಅಜ್ಜ ಎಲ್ಲಿಯವರು ಅಂತ ಹೇಳಿದ್ದಿಲ್ಲವಂತೆ. ಇವಳು ತಿರುಗಿ ಕೇಳಿದರೆ ಅವರಿಗೆ ಆಶ್ಚರ್ಯ. ಗೆಳೆತನ ಬೆಳೆದ ಮೇಲೆ ಅವಳೇ ಆರಗದ ಫೋಟೊ ತೋರಿಸುತ್ತಾಳೆ, ಕಡುಬು ಮಾಡಲು ಹೇಳಿಕೊಡುತ್ತಾಳೆ. ಕ್ಯೂನಲ್ಲಿ ಹಿಂದೆ ನಿಂತ ಅಪರಿಚಿತನಿಗೆ ಮನೆತನದ ಚರಿತ್ರೆ ಒಪ್ಪಿಸಲು ಮಾತ್ರ ಅವಳಿಗೆ ಇಷ್ಟವಿಲ್ಲ.

ಅವಳು ವಾಪಸ್ ಹೋಗಿ ಒಂದು ವಾರವಾಗಿತ್ತು. ತೀರ್ಥಹಳ್ಳಿ ಪೇಟೆಯಲ್ಲಿ ಗೋಬಿ ಗಾಡಿಯ ಮುಂದೆ ನಿಂತಿದ್ದೆ. ಗಾಡಿಯ ಹುಡುಗನ ಮುಖ ನೇಪಾಳದ ಕಡೆಯದ್ದು, ಮಾತು ಅಪ್ಪಟ ನಮ್ಮ ಕಡೆಯದ್ದು.

"ಯಾವೂರಾಯ್ತು?" ಅಂದೆ, ಅಭ್ಯಾಸ ಬಲ.

"ಇಲ್ಲೇ ಸಾರ್, ಕುರುವಳ್ಳಿ."

"ಅಲ್ಲಾ..." ಅನ್ನುವುದು ನಾಲಿಗೆ ತುದಿಗೆ ಬಂದಿತ್ತು. ಬಿಸಿ ಗೋಬಿಯ ಜೊತೆ ನುಂಗಿಕೊಂಡೆ.

"ಕುರುವಳ್ಳೀಲಿ ಎಲ್ಲಿ?"

"ಸೇತುವೆ ದಾಟಿದ ಕೂಡ್ಲೇ." ಬಾಣಲೆಗೆ ಇನ್ನೊಂದು ಹಿಡಿ ಹಾಕಿ, ಎಣ್ಣೆ ಸಿಡಿದೀತೆಂದು ಮುಖ ತಿರುಗಿಸಿಕೊಂಡ. "ನಿಮ್ದು ಎಲ್ಲಾಯ್ತು ಸಾರ್?"

"ಆರಗ."

"ಆರಗದಲ್ಲಿ ಎಲ್ಲಿ?" ಅಂದ.